ಮೂರನೇ ಯಂತ್ರದಲ್ಲಿ ಮಾತ್ರ ಕೆಂಪು

2024ರ ಜನವರಿಯಲ್ಲಿ ನಮ್ಮ ಕಚೇರಿಯ ನಾಲ್ಕು ಬಿಲ್ಡ್ ಯಂತ್ರಗಳ ಪೈಕಿ ಒಂದು ಮಾತ್ರ ಹಟ ಹಿಡಿಯಿತು. ಅದೇ ಕೋಡು, ಅದೇ ಸೂಚನೆಗಳು. ಉಳಿದ ಮೂರರಲ್ಲಿ ಹಸಿರು ದೀಪ, ಮೂರನೇ ನಂಬರಿನ ಯಂತ್ರದಲ್ಲಿ ಕೆಂಪು. ಹಾಗೆ ನೋಡಿದರೆ ನಾಲ್ಕರಲ್ಲಿ ಒಳ್ಳೆಯ ಯಂತ್ರವೇ ಅದು. ಮೂರು ತಿಂಗಳ ಹಿಂದಷ್ಟೇ ಅದಕ್ಕೆ ದೊಡ್ಡ ಡಿಸ್ಕ್ ಹಾಕಿಸಿದ್ದರು.

ಬಿಲ್ಡ್ ಅಂದರೆ ಏನು ಅಂತ ಮೊದಲು ಹೇಳಿಬಿಡುತ್ತೇನೆ. ಡೆವಲಪರ್‌ಗಳು ಬರೆಯುವ ಕೋಡ್ ಇದ್ದ ಹಾಗೇ ಗ್ರಾಹಕರಿಗೆ ಹೋಗುವುದಿಲ್ಲ. ಅದನ್ನು ಒಟ್ಟುಗೂಡಿಸಿ, ಅದು ಓಡಲು ಬೇಕಾದ ಬೇರೆಯವರ ತಂತ್ರಾಂಶಗಳನ್ನು ಇಂಟರ್ನೆಟ್‌ನಿಂದ ತಂದು ಜೊತೆಗೆ ಸೇರಿಸಿ, ಒಂದು ಪೊಟ್ಟಣವಾಗಿ ಕಟ್ಟಬೇಕು. ಈ ಕೆಲಸವನ್ನು ಮನುಷ್ಯರು ಮಾಡುವುದಿಲ್ಲ. ಯಾರಾದರೂ ಕೋಡ್ ಬದಲಾಯಿಸಿದ ಕೂಡಲೇ, ಬಿಡುವಾಗಿರುವ ಯಾವುದೋ ಒಂದು ಬಿಲ್ಡ್ ಯಂತ್ರ ಅದನ್ನು ಎತ್ತಿಕೊಂಡು ತಾನೇ ಕಟ್ಟುತ್ತದೆ. ಸರಿಯಾಗಿ ಕಟ್ಟಿದರೆ ಹಸಿರು, ನಡುವೆ ಎಲ್ಲಾದರೂ ಎಡವಿದರೆ ಕೆಂಪು. ನಾನು ಟೆಸ್ಟರ್. ಕಟ್ಟಿದ ಪೊಟ್ಟಣ ಬಿಚ್ಚಿ, ಹೇಳಿದ ಹಾಗೆ ನಡೆಯುತ್ತದೆಯೇ ಅಂತ ನೋಡುವುದು ನನ್ನ ಕೆಲಸ. ಆದ್ದರಿಂದ ಪೊಟ್ಟಣ ಕಟ್ಟುವುದೇ ನಿಂತರೆ ಮೊದಲು ಕೈಕಟ್ಟಿ ಕೂರಬೇಕಾದವಳೂ ನಾನೇ.

ಇಂಥ ತೊಂದರೆ ಬಂದಾಗ ಕಚೇರಿಗಳಲ್ಲಿ ಸಾಮಾನ್ಯವಾಗಿ ನಡೆಯುವುದೇ ನಮ್ಮಲ್ಲೂ ನಡೆಯಿತು. ಕೆಂಪು ಬಂದಾಗಲೆಲ್ಲ ಯಾರೋ ಒಬ್ಬರು ಇನ್ನೊಮ್ಮೆ ಓಡಿಸುವ ಬಟನ್ ಒತ್ತುತ್ತಿದ್ದರು. ಎರಡನೇ ಸಲ ಕೆಲಸ ಬೇರೆ ಯಂತ್ರದ ಪಾಲಿಗೆ ಬೀಳುತ್ತಿತ್ತು, ಹಸಿರಾಗುತ್ತಿತ್ತು. "ಅದು ಒಂದೊಂದು ಸಲ ಹಾಗೇ ಮೇಡಂ, ಫ್ಲೇಕಿ" ಅಂದ ನಮ್ಮ ಡೆವಲಪರ್ ಹುಡುಗ. ಕಾರಣ ತಿಳಿಯದೆ ಬಂದು ಹೋಗುವ ದೋಷಕ್ಕೆ ನಮ್ಮ ಕಸುಬಿನಲ್ಲಿ ಇಟ್ಟಿರುವ ಹೆಸರು ಅದು. ಒಮ್ಮೆ ಆ ಹೆಸರು ಅಂಟಿದರೆ ಮುಗಿಯಿತು, ಆಮೇಲೆ ಯಾರೂ ಅದರ ಬೆನ್ನು ಹತ್ತುವುದಿಲ್ಲ. ನನಗೆ ಆ ಪದ ಕಂಡರೆ ಆಗುವುದಿಲ್ಲ. ಯಂತ್ರಕ್ಕೆ ಮನಸ್ಸು ಬಂದ ಹಾಗೆ ಕುಣಿಯುವ ಸ್ವಭಾವ ಇಲ್ಲ. ನಾವು ಗಮನಿಸದೆ ಬಿಟ್ಟ ಯಾವುದೋ ಒಂದು ವ್ಯತ್ಯಾಸ ಇರಲೇಬೇಕು.

ಹಳೆಯ ಬಿಲ್ಡ್‌ಗಳ ದಾಖಲೆ ತೆಗೆದು, ಕೆಂಪಾದವುಗಳ ಎದುರು ಯಾವ ಯಂತ್ರ ಅಂತ ಗುರುತು ಹಾಕುತ್ತಾ ಹೋದೆ. ಎಲ್ಲ ಕೆಂಪೂ ಮೂರನೇ ಯಂತ್ರದ್ದೇ. ಹಾಗಂತ ಆ ಯಂತ್ರ ಯಾವತ್ತಿನಿಂದಲೂ ಕೆಟ್ಟಿರಲಿಲ್ಲ. ಡಿಸೆಂಬರ್ ಪೂರ್ತಿ ಅದರಲ್ಲಿ ಹಸಿರೇ ಇತ್ತು. ಕೆಂಪು ಶುರುವಾದದ್ದು ಆ ಹುಡುಗ ಮಾಡಿದ ಒಂದು ಸಣ್ಣ ಬದಲಾವಣೆಯ ನಂತರ. ಸರಬರಾಜುದಾರರು ಕಳಿಸುವ ದರಪಟ್ಟಿಗಳು ಜಿಪ್ ರೂಪದಲ್ಲಿ ಬರತೊಡಗಿದ್ದವು. ಅವನ್ನು ಬಿಚ್ಚಲು `unzip` ಅನ್ನುವ ಪುಟ್ಟ ಉಪಕರಣ ಬೇಕಿತ್ತು. ಅವನು ಅದನ್ನು ಪೊಟ್ಟಣಕ್ಕೆ ಸೇರಿಸಿದ್ದ, ಅಷ್ಟೇ.

ಇಲ್ಲಿ ಒಂದು ಸರಳ ಪರೀಕ್ಷೆ ಮಾಡಬಹುದು. ಆ ಬದಲಾವಣೆಗಿಂತ ಹಿಂದಿನ ಕೋಡನ್ನೇ ಮೂರನೇ ಯಂತ್ರದಲ್ಲಿ ಕಟ್ಟಿಸಿದೆ: ಹಸಿರು. ಹೊಸ ಕೋಡನ್ನು ಉಳಿದ ಯಂತ್ರಗಳಲ್ಲಿ ಕಟ್ಟಿಸಿದೆ: ಹಸಿರು. ಹೊಸ ಕೋಡ್, ಮೂರನೇ ಯಂತ್ರ ಎರಡೂ ಕೂಡಿದಾಗ ಮಾತ್ರ ಕೆಂಪು. ಅಲ್ಲಿಗೆ "ಕೋಡ್ ಕೆಟ್ಟಿದೆ" ಅನ್ನುವವರ ವಾದವೂ ಬಿತ್ತು, "ಯಂತ್ರ ಕೆಟ್ಟಿದೆ" ಅನ್ನುವವರ ವಾದವೂ ಬಿತ್ತು. ಯಂತ್ರದಲ್ಲಿ ಮೊದಲೇ ಏನೋ ಕೂತಿದೆ, ಹೊಸ ಬದಲಾವಣೆ ಹೋಗಿ ಅದನ್ನು ಮುಟ್ಟಿದೆ.

ಇನ್ನು ದೋಷದ ಸಂದೇಶ. ಲಾಗ್‌ನ ಕೊನೆಯಲ್ಲಿ ಹೀಗಿತ್ತು. ಉದ್ದದ ವಿಳಾಸವನ್ನು ಇಲ್ಲಿ ಮೊಟಕು ಮಾಡಿದ್ದೇನೆ:

```
E: Failed to fetch .../curl_7.81.0-1ubuntu1.14_amd64.deb
   404  Not Found
E: Unable to fetch some archives, maybe run
   apt-get update or try with --fix-missing?
```

"ನಾನು ಸೇರಿಸಿದ್ದು `unzip` ಮೇಡಂ. `curl` ಕಡೆ ತಿರುಗಿಯೂ ನೋಡಿಲ್ಲ" ಅಂದ ಹುಡುಗ. ಅವನ ಮಾತು ನಿಜ. `curl` ಅನ್ನುವುದು ಇಂಟರ್ನೆಟ್‌ನಿಂದ ಕಡತ ತರುವ ಉಪಕರಣ, ನಮ್ಮ ಪೊಟ್ಟಣದಲ್ಲಿ ಮೊದಲಿನಿಂದಲೂ ಇದ್ದದ್ದು. ಸಿಸ್ಟಮ್ ನೋಡಿಕೊಳ್ಳುವ ಹಿರಿಯರು ಸಂದೇಶ ನೋಡಿದವರೇ "ನೆಟ್‌ವರ್ಕ್ ಇರಬೇಕು, ಪ್ರಾಕ್ಸಿ ನೋಡ್ತೀನಿ" ಅಂದರು. ಅದಕ್ಕೆ ನಾನು ಒಪ್ಪಲಿಲ್ಲ. ನೆಟ್‌ವರ್ಕ್ ಕೈಕೊಟ್ಟರೆ ಆ ಕಡೆಯಿಂದ ಉತ್ತರವೇ ಬರುವುದಿಲ್ಲ. ಕಾದು ಕಾದು ಸಮಯ ಮೀರಿತು ಅನ್ನುವ ಸಂದೇಶ ಬರುತ್ತದೆ, ಇಲ್ಲವೇ ಸಂಪರ್ಕ ಸಿಗಲಿಲ್ಲ ಅಂತ ಬರುತ್ತದೆ. 404 ಅಂದರೆ ಆ ಕಡೆಯ ಸರ್ವರ್ ಸಿಕ್ಕಿದೆ, ನಮ್ಮ ಪ್ರಶ್ನೆ ಕೇಳಿಸಿಕೊಂಡಿದೆ, "ಈ ಹೆಸರಿನ ಕಡತ ನನ್ನಲ್ಲಿಲ್ಲ" ಅಂತ ಉತ್ತರವನ್ನೂ ಕೊಟ್ಟಿದೆ.

ಹಾಗಿದ್ದರೆ ಅದೇ ಕಡತ ಉಳಿದ ಯಂತ್ರಗಳಿಗೆ ಹೇಗೆ ಸಿಗುತ್ತಿದೆ? ಆ ವಿಳಾಸವನ್ನು ಎತ್ತಿ ಎರಡನೇ ಯಂತ್ರದಿಂದ ಕೈಯಾರೆ ತರಿಸಲು ನೋಡಿದೆ. ಅಲ್ಲೂ 404. ನನ್ನ ಲ್ಯಾಪ್‌ಟಾಪ್‌ನಿಂದಲೂ 404. ಕಡತ ಯಾರಿಗೂ ಸಿಗುತ್ತಿರಲಿಲ್ಲ! ಹಾಗಾದರೆ ತರುವುದರಲ್ಲಿ ತೊಂದರೆ ಇಲ್ಲ, ಕೇಳುವುದರಲ್ಲಿ ಇದೆ. ಹಸಿರಾದ ಬಿಲ್ಡ್‌ನ ಲಾಗನ್ನೂ ಕೆಂಪಾದದ್ದರ ಲಾಗನ್ನೂ ಪಕ್ಕಪಕ್ಕ ಇಟ್ಟು ಸಾಲು ಸಾಲಾಗಿ ಓದಿದಾಗ ವ್ಯತ್ಯಾಸ ಕಣ್ಣಿಗೆ ಬಿತ್ತು. ಹಸಿರು ಯಂತ್ರ ಕೇಳಿದ್ದು `1ubuntu1.15`. ಮೂರನೇ ಯಂತ್ರ ಕೇಳಿದ್ದು `1ubuntu1.14`. ವ್ಯತ್ಯಾಸ ಒಂದೇ ಒಂದು ಅಂಕಿ.

ಆ ಅಂಕಿಯ ಹಿಂದೆ ಒಂದು ಕಥೆ ಇದೆ. 2023ರ ಅಕ್ಟೋಬರ್ 11ರಂದು `curl` ತಯಾರಕರು ಒಂದು ಗಂಭೀರ ಭದ್ರತಾ ದೋಷವನ್ನು ಬಹಿರಂಗಪಡಿಸಿ, ಸರಿಪಡಿಸಿದ ಆವೃತ್ತಿಯನ್ನು ಹೊರತಂದರು. ನಾವು ಬಳಸುವ ಉಬುಂಟು 22.04ಕ್ಕೆ ಆ ರಿಪೇರಿ ಬಂದದ್ದು 1.14 ಅನ್ನುವ ಹೆಸರಿನಲ್ಲಿ. ಡಿಸೆಂಬರ್ ಮೊದಲ ವಾರದಲ್ಲಿ `curl`ನಲ್ಲೇ ಇನ್ನೆರಡು ಸಣ್ಣ ದೋಷಗಳು ಹೊರಬಿದ್ದವು, ರಿಪೇರಿ 1.15 ಆಗಿ ಬಂತು. ಉಬುಂಟುವಿನ ಭಂಡಾರ ಇಂಥ ನಡುವಿನ ಆವೃತ್ತಿಗಳನ್ನು ಬಹಳ ದಿನ ಇಟ್ಟುಕೊಳ್ಳುವುದಿಲ್ಲ. ಮೂಲ ಬಿಡುಗಡೆಯ ಆವೃತ್ತಿ ಇರುತ್ತದೆ, ಸದ್ಯದ ರಿಪೇರಿ ಇರುತ್ತದೆ. ಅದಕ್ಕೂ ಹಿಂದಿನ ರಿಪೇರಿಗಳು ಜಾಗ ಖಾಲಿ ಮಾಡುತ್ತವೆ. ಹಾಗಾಗಿ ಜನವರಿಯಲ್ಲಿ 1.14 ಕೇಳಿದವರಿಗೆ ಸಿಗುವುದು 404.

ಜನವರಿಯಲ್ಲಿ ಕೂತುಕೊಂಡು ಮೂರನೇ ಯಂತ್ರ 1.14 ಯಾಕೆ ಕೇಳಿತು? ಡೆವಲಪರ್ ಯಾವ ಆವೃತ್ತಿ ಬೇಕು ಅಂತ ಎಲ್ಲೂ ಬರೆದಿರಲಿಲ್ಲ. ಬರೆದದ್ದು ಬರೀ `curl`. ಯಾವ ಅಂಕಿ ಅನ್ನುವುದನ್ನು ನಿರ್ಧರಿಸುವುದು ಒಂದು ಪಟ್ಟಿ. ಉಬುಂಟುವಿನಲ್ಲಿ ಹೊಸ ತಂತ್ರಾಂಶ ಹಾಕುವುದು ಎರಡು ಹೆಜ್ಜೆಯ ಕೆಲಸ. `apt-get update` ಅನ್ನುವ ಆಜ್ಞೆ ಭಂಡಾರದಲ್ಲಿ ಈಗ ಏನೇನಿದೆ, ಯಾವ ಆವೃತ್ತಿ, ಯಾವ ವಿಳಾಸದಲ್ಲಿ ಅನ್ನುವ ಪಟ್ಟಿಯನ್ನು ತಂದಿಡುತ್ತದೆ. ಹೆಸರು update ಆದರೂ ಅದು ಯಾವ ತಂತ್ರಾಂಶವನ್ನೂ ಹೊಸದು ಮಾಡುವುದಿಲ್ಲ, ಪಟ್ಟಿ ಮಾತ್ರ ಹೊಸದು. ಆಮೇಲೆ `apt-get install` ಆ ಪಟ್ಟಿ ನೋಡಿಕೊಂಡು ಕಡತ ತರುತ್ತದೆ. ಪಟ್ಟಿ ಹಳೆಯದಾದರೆ ಹೋದ ವರ್ಷದ ಪಂಚಾಂಗ ನೋಡಿ ಈ ವರ್ಷದ ಯುಗಾದಿ ಮಾಡಿದ ಹಾಗೆ: ಪಂಚಾಂಗದಲ್ಲಿ ತಪ್ಪಿಲ್ಲ, ವರ್ಷ ಬೇರೆ.

"ಆದರೆ ನಾವು `update` ಮಾಡ್ತಾನೇ ಇದೀವಲ್ಲ ಮೇಡಂ!" ಅಂತ ಹುಡುಗ ಕಡತ ತೆರೆದು ತೋರಿಸಿದ. ತೋರಿಸಿದ್ದು ಡಾಕರ್‌ಫೈಲ್, ಅಂದರೆ ಪೊಟ್ಟಣ ಕಟ್ಟುವ ಸೂಚನೆಗಳ ಪಟ್ಟಿ. ಅದರ ಮೊದಲ ಮೂರು ಸಾಲು:

```
FROM base:7
RUN apt-get update
RUN apt-get install -y curl git unzip
```

ಎರಡನೇ ಸಾಲು ಸ್ಪಷ್ಟವಾಗಿಯೇ ಇದೆ. ಇದರಿಂದಲೇ ಎಲ್ಲರೂ ದಾರಿ ತಪ್ಪಿದ್ದರು. ದೋಷದ ಸಂದೇಶ ಮೊದಲ ದಿನವೇ `apt-get update` ಓಡಿಸಿ ನೋಡಿ ಅಂತ ಬಾಯಿಬಿಟ್ಟು ಹೇಳಿತ್ತು. ಆ ಸಾಲು ಕಡತದಲ್ಲಿ ಎದುರಿಗೇ ಕಾಣುತ್ತಿದ್ದುದರಿಂದ "ಅದು ಆಗಿದೆಯಲ್ಲ" ಅಂದುಕೊಂಡು ಎಲ್ಲರೂ ಮುಂದೆ ಹೋದರು. ಲಾಗ್‌ನಲ್ಲಿ ಅದೇ ಹೆಜ್ಜೆಯ ಪಕ್ಕದಲ್ಲಿ ಇನ್ನೊಂದು ಪದವಿತ್ತು:

```
#5 [2/3] RUN apt-get update
#5 CACHED
```

ಸಾಲು ಇತ್ತು ನಿಜ, ಅದು ಓಡಿರಲಿಲ್ಲ.

ಮೊಬೈಲಿನಲ್ಲಿ ಆ್ಯಪ್ ಕೈಕೊಟ್ಟಾಗ ಸೆಟ್ಟಿಂಗ್ಸ್‌ಗೆ ಹೋಗಿ "ಕ್ಲಿಯರ್ ಕ್ಯಾಶ್" ಒತ್ತುವುದು ಬಹಳ ಜನರಿಗೆ ಗೊತ್ತು. ಇಲ್ಲಿರುವುದೂ ಆ ಜಾತಿಯದೇ. ಒಮ್ಮೆ ಕಷ್ಟಪಟ್ಟು ಮಾಡಿದ ಕೆಲಸದ ಫಲವನ್ನು ಎತ್ತಿಟ್ಟುಕೊಂಡು, ಅದೇ ಕೆಲಸ ಮತ್ತೆ ಬಂದಾಗ ಹೊಸದಾಗಿ ಮಾಡದೆ ಎತ್ತಿಟ್ಟದ್ದನ್ನೇ ಕೊಡುವ ವ್ಯವಸ್ಥೆ. ಡಾಕರ್ ಅನ್ನುವ ಉಪಕರಣ ಡಾಕರ್‌ಫೈಲಿನ ಒಂದೊಂದು ಹೆಜ್ಜೆಯ ಫಲವನ್ನೂ ಒಂದೊಂದು ಪದರವಾಗಿ ಆಯಾ ಯಂತ್ರದ ಡಿಸ್ಕಿನಲ್ಲೇ ಇಟ್ಟುಕೊಳ್ಳುತ್ತದೆ. ಇದಿಲ್ಲದಿದ್ದರೆ ಒಂದು ಅಕ್ಷರ ತಿದ್ದಿದರೂ ಇಡೀ ಪೊಟ್ಟಣವನ್ನು ಮೊದಲಿನಿಂದ ಕಟ್ಟಬೇಕು. ಕ್ಯಾಶ್ ಇರುವುದರಿಂದಲೇ ನಮ್ಮ ಬಿಲ್ಡ್‌ಗಳು ಚಹಾ ಆರುವುದರೊಳಗೆ ಮುಗಿಯುತ್ತವೆ. ಅದನ್ನು ಬೈಯುವ ಉದ್ದೇಶ ನನಗಿಲ್ಲ.

ಪ್ರಶ್ನೆ ಇರುವುದು "ಅದೇ ಕೆಲಸ" ಅಂತ ಡಾಕರ್ ಹೇಗೆ ಗುರುತಿಸುತ್ತದೆ ಅನ್ನುವುದರಲ್ಲಿ. ನಮ್ಮ ಕಡತಗಳನ್ನು ಪೊಟ್ಟಣದೊಳಕ್ಕೆ ನಕಲು ಮಾಡುವ `COPY` ಹೆಜ್ಜೆಗಳಲ್ಲಿ ಅದು ಕಡತದ ಒಳಗಿನ ವಿಷಯವನ್ನೇ ಪರಿಶೀಲಿಸುತ್ತದೆ. ಒಂದು ಅಕ್ಷರ ಬದಲಾದರೂ ಹಳೆಯ ಪದರವನ್ನು ಬಿಟ್ಟು ಹೊಸದು ಮಾಡುತ್ತದೆ. `RUN` ಹೆಜ್ಜೆಗಳಲ್ಲಿ ಹಾಗಲ್ಲ. ಅಲ್ಲಿ ನೋಡುವುದು ಎರಡನ್ನೇ: ಇದರ ಹಿಂದಿನ ಪದರ ಅದೇ ಆಗಿದೆಯೇ, ಆಜ್ಞೆಯ ಅಕ್ಷರಗಳು ಅವೇ ಆಗಿವೆಯೇ. ಎರಡೂ ಹೌದಾದರೆ ಆಜ್ಞೆಯನ್ನು ಓಡಿಸುವುದೇ ಇಲ್ಲ. ಆ ಆಜ್ಞೆ ಹೊರಗಿನ ಲೋಕಕ್ಕೆ ಹೋಗಿ ಏನು ತರುತ್ತದೆ, ಆ ಹೊರಗಿನ ಲೋಕ ನಿನ್ನೆ ಇದ್ದಂತೆ ಇವತ್ತು ಇದೆಯೇ, ಇದು ಅದರ ಲೆಕ್ಕಕ್ಕೆ ಬರುವುದಿಲ್ಲ. `apt-get update` ಅನ್ನುವ ಅಕ್ಷರಗಳು ಅಕ್ಟೋಬರ್‌ನಲ್ಲೂ ಅವೇ, ಜನವರಿಯಲ್ಲೂ ಅವೇ. ಡಾಕರ್ ಕಣ್ಣಿಗೆ ಅದು ಆಗಿ ಮುಗಿದ ಕೆಲಸ.

ಇಲ್ಲಿಯವರೆಗೆ ಇದು ಊಹೆ. ಊಹೆ ಎಷ್ಟೇ ಚಂದ ಕೂತರೂ ಕಣ್ಣಾರೆ ನೋಡಬೇಕು. ಅಷ್ಟರಲ್ಲಿ ಸಿಸ್ಟಮ್‌ನ ಹಿರಿಯರಿಗೆ ಕ್ಯಾಶ್ ಅನ್ನುವ ಪದ ಕಿವಿಗೆ ಬಿದ್ದು, "ಅಷ್ಟೇನಾ? `docker builder prune` ಹೊಡೆದುಬಿಡ್ತೀನಿ, ಎರಡು ನಿಮಿಷ" ಅಂದರು.

"ತಡೀರಿ ಸರ್, ಈಗ ಅಳಿಸಬೇಡಿ" ಅಂದೆ.

"ಯಾಕಮ್ಮ? ಅಳಿಸಿದ್ರೆ ಸರಿಹೋಗತ್ತೆ."

"ಸರಿಹೋಗತ್ತೆ ಸರ್. ಯಾಕೆ ಕೆಟ್ಟಿತ್ತು ಅಂತ ಆಮೇಲೆ ಗೊತ್ತಾಗಲ್ಲ."

ಅವರು ನಕ್ಕು ಕೈಬಿಟ್ಟರು. ಕ್ಯಾಶ್ ಅಳಿಸುವುದು ಔಷಧಿಯಾಗಿ ಎಷ್ಟು ಒಳ್ಳೆಯದೋ ತನಿಖೆಗೆ ಅಷ್ಟೇ ಕೆಟ್ಟದ್ದು. ಸಾಕ್ಷ್ಯವೂ ಅದರ ಜೊತೆಗೇ ಹೋಗುತ್ತದೆ. `--no-cache` ಅನ್ನುವ ಇನ್ನೊಂದು ದಾರಿ ಇದೆ. ಅದು ಹಳೆಯ ಪದರಗಳನ್ನು ಬಳಸದೆ ಎಲ್ಲವನ್ನೂ ಹೊಸದಾಗಿ ಕಟ್ಟುತ್ತದೆ. ಆದರೆ ಹಾಗೆ ಕಟ್ಟಿದ ಹೊಸ ಪದರಗಳೂ ಕ್ಯಾಶ್ ಸೇರಿಬಿಡುತ್ತವೆ. ಆಮೇಲೆ ನೋಡುತ್ತಿರುವುದು ಹಳೆಯದೋ ಹೊಸದೋ ಗೊತ್ತಾಗದೆ ಕಲಸುಮೇಲೋಗರವಾಗುತ್ತದೆ. ಹಾಗಾಗಿ ಅದನ್ನೂ ಕೊನೆಗೆ ಇಟ್ಟುಕೊಂಡೆ.

ನಾನು ಮಾಡಿದ್ದು ಇಷ್ಟು. ಡಾಕರ್‌ಫೈಲಿನ ಮೊದಲ ಎರಡು ಸಾಲನ್ನು ಮಾತ್ರ ಬೇರೆ ಕಡತಕ್ಕೆ ನಕಲು ಮಾಡಿ, ಮೂರನೇ ಯಂತ್ರದಲ್ಲಿ ಅದನ್ನೇ ಕಟ್ಟಿಸಿದೆ. ಎರಡೂ ಸಾಲಿನ ಪದರಗಳು ಕ್ಯಾಶ್‌ನಲ್ಲೇ ಇದ್ದುದರಿಂದ ಕಣ್ಣು ಮಿಟುಕಿಸುವುದರೊಳಗೆ ಮುಗಿಯಿತು. ಅಂದರೆ ನನ್ನ ಕೈಗೆ ಸಿಕ್ಕಿದ್ದು ಆ ಹಳೆಯ ಪದರವೇ. ಅದರ ಒಳಹೊಕ್ಕು, ಪಟ್ಟಿಗಳ ಮೇಲೆ ಬರೆದಿರುವ ತಾರೀಖು ಕೇಳಿದೆ:

```
grep ^Date: /var/lib/apt/lists/*InRelease
```

ಮೊದಲು ಬಂದ ಸಾಲು ನೋಡಿ ಬೆಚ್ಚಿದೆ: 2022ರ ಏಪ್ರಿಲ್! ಅಷ್ಟು ಹಳೆಯದಾಗಿರಲು ಸಾಧ್ಯವೇ ಇಲ್ಲ, ಆಗ ಆ ಯಂತ್ರವೇ ನಮ್ಮಲ್ಲಿರಲಿಲ್ಲ. ಆದರೆ ಅದೇ ಆಜ್ಞೆಯನ್ನು ಹೊಚ್ಚ ಹೊಸ ಪದರದಲ್ಲಿ ಓಡಿಸಿದರೂ ಆ ಸಾಲಿನಲ್ಲಿ ಬರುವುದು ಅದೇ ತಾರೀಖು. ಉಬುಂಟು 22.04 ಬಿಡುಗಡೆಯಾದದ್ದು 2022ರ ಏಪ್ರಿಲ್ 21ರಂದು. ಮೂಲ ಬಿಡುಗಡೆಯ ಪಟ್ಟಿಯನ್ನು ಅವತ್ತೇ ಮುಚ್ಚಿ ಬೀಗ ಹಾಕಿದ್ದಾರೆ, ಅದು ಮತ್ತೆ ಬದಲಾಗುವುದಿಲ್ಲ. ನಂತರದ ರಿಪೇರಿಗಳೆಲ್ಲ ಬರುವುದು `jammy-updates` ಮತ್ತು `jammy-security` ಅನ್ನುವ ಬೇರೆ ಪಟ್ಟಿಗಳಲ್ಲಿ. ನೋಡಬೇಕಾದ ತಾರೀಖು ಅವುಗಳದ್ದು. ಇದು ಗೊತ್ತಿಲ್ಲದಿದ್ದರೆ ಸರಿಯಾಗಿರುವ ಯಂತ್ರವನ್ನೂ ಹಳಸಿದೆ ಅಂತ ದೂರುತ್ತೇವೆ.

ಆ ಎರಡು ಪಟ್ಟಿಗಳ ಮೇಲಿದ್ದದ್ದು 2023ರ ಅಕ್ಟೋಬರ್ 25. ಎರಡನೇ ಯಂತ್ರದಲ್ಲಿ ಇದೇ ಪರೀಕ್ಷೆ ಮಾಡಿದಾಗ ಬಂದದ್ದು ಅದೇ ವಾರದ ತಾರೀಖು. ಊಹೆ ಕೂತಿತು. ಅಕ್ಟೋಬರ್‌ನ ಪಟ್ಟಿ `curl` ಅಂದರೆ 1.14 ಅನ್ನುತ್ತದೆ, ಡಿಸೆಂಬರ್‌ನಲ್ಲಿ 1.14 ಭಂಡಾರದಿಂದ ಹೋಗಿದೆ, ಜನವರಿಯಲ್ಲಿ ಆ ಪಟ್ಟಿ ಹಿಡಿದು ಹೋದ ಯಂತ್ರಕ್ಕೆ 404. ಕಟ್ಟಕಡೆಗೆ `--no-cache` ಹಾಕಿ ಓಡಿಸಿದೆ. ಮೂರನೇ ಯಂತ್ರದಲ್ಲಿ ಹಸಿರು.

ಡಿಸೆಂಬರ್ ಪೂರ್ತಿ ಹಸಿರು ಇತ್ತಲ್ಲ, ಅದು ಹೇಗೆ? ಆಗ ಮೂರನೇ ಸಾಲೂ ಬದಲಾಗಿರಲಿಲ್ಲ. `install` ಹೆಜ್ಜೆಯ ಫಲವೂ ಅಕ್ಟೋಬರ್‌ನದೇ, ಅದೂ ಕ್ಯಾಶ್‌ನಿಂದ ಬರುತ್ತಿತ್ತು. ಯಂತ್ರ ಭಂಡಾರದ ಬಾಗಿಲು ತಟ್ಟುತ್ತಲೇ ಇರಲಿಲ್ಲ, ಹಾಗಾಗಿ 404 ಬರುವ ಪ್ರಶ್ನೆಯೂ ಇರಲಿಲ್ಲ. ಹುಡುಗ `unzip` ಅನ್ನುವ ಒಂದು ಪದ ಸೇರಿಸಿದ್ದೇ ಸಾಲಿನ ಅಕ್ಷರಗಳು ಬದಲಾದವು. ಡಾಕರ್ ಆ ಹೆಜ್ಜೆಯನ್ನು ಮಾತ್ರ ಹೊಸದಾಗಿ ಓಡಿಸಿತು. ಓಡಿದ್ದು ಹಳೆಯ ಪಟ್ಟಿಯ ಮೇಲೆ. `unzip` ಸಲೀಸಾಗಿ ಸಿಕ್ಕಿತು, ಯಾಕೆಂದರೆ ಅಷ್ಟರಲ್ಲಿ ಅದರ ಆವೃತ್ತಿ ಬದಲಾಗಿರಲಿಲ್ಲ. ಅದೇ ಸಾಲಿನಲ್ಲಿದ್ದ ತಪ್ಪಿಲ್ಲದ `curl` ಸಿಕ್ಕಿಬಿತ್ತು.

ಮೂರನೇ ಯಂತ್ರವೇ ಯಾಕೆ ಅನ್ನುವುದು ಉಳಿಯಿತು. ಇದಕ್ಕೆ ಉತ್ತರ ಸಿಕ್ಕಿದ್ದು ಸಿಸ್ಟಮ್‌ನವರು ಯಾವತ್ತೋ ಬರೆದಿಟ್ಟ ಒಂದು ಸಣ್ಣ ಸ್ಕ್ರಿಪ್ಟ್‌ನಲ್ಲಿ. ಪ್ರತಿ ರಾತ್ರಿ ಅದು ಡಿಸ್ಕ್ ಎಷ್ಟು ತುಂಬಿದೆ ಅಂತ ನೋಡುತ್ತದೆ. ಶೇಕಡ 80 ದಾಟಿದ್ದರೆ ಡಾಕರ್‌ನ ಕ್ಯಾಶ್ ಪೂರ್ತಿ ಗುಡಿಸುತ್ತದೆ, ಇಲ್ಲದಿದ್ದರೆ ಸುಮ್ಮನಿರುತ್ತದೆ. ಉಳಿದ ಮೂರು ಯಂತ್ರಗಳ ಡಿಸ್ಕ್ ಸಣ್ಣದು. ವಾರಕ್ಕೊಮ್ಮೆಯಾದರೂ 80 ದಾಟುತ್ತಿತ್ತು, ಗುಡಿಸಲಾಗುತ್ತಿತ್ತು, ಮಾರನೆಯ ದಿನ ಪಟ್ಟಿ ಹೊಸದಾಗಿ ಬರುತ್ತಿತ್ತು. ಮೂರನೇ ಯಂತ್ರಕ್ಕೆ ಅಕ್ಟೋಬರ್ ಕೊನೆಯ ವಾರದಲ್ಲಿ ಹಾಕಿದ್ದು ಒಂದು ಟೆರಾಬೈಟಿನ ಡಿಸ್ಕ್. ಅದು 80ರ ಹತ್ತಿರಕ್ಕೂ ಬಂದಿರಲಿಲ್ಲ. ಹೊಸ ಡಿಸ್ಕ್ ಕೂತ ದಿನ ಓಡಿದ ಮೊದಲ ಬಿಲ್ಡ್‌ನ ಪದರ ಹಾಗೇ ಉಳಿದುಕೊಂಡಿತ್ತು. ಉಳಿದ ಯಂತ್ರಗಳನ್ನು ಕಾಪಾಡುತ್ತಿದ್ದದ್ದು ಅವುಗಳ ಬಡತನ. ಈ ಶಿಸ್ತನ್ನು ಯಾರೂ ಬೇಕೆಂದು ರೂಪಿಸಿದ್ದಲ್ಲ. ಜಾಗ ಸಾಲದೆ ಮಾಡಿಕೊಂಡ ಏರ್ಪಾಡು ಪಟ್ಟಿಯನ್ನೂ ತಾಜಾ ಇಡುತ್ತಿತ್ತು, ಅಷ್ಟೇ.

ಇಷ್ಟು ದಿನ ಸುಮ್ಮನೆ ಬಿದ್ದಿದ್ದ ಪದರವನ್ನು ಡಾಕರ್ ತಾನೇ ಎಸೆಯಬೇಕಿತ್ತಲ್ಲ ಅಂತ ಯಾರೋ ಕೇಳಿದರು. ಡಾಕರ್‌ಗೂ ಗುಡಿಸುವ ಅಭ್ಯಾಸ ಉಂಟು. ಆದರೆ ಹೆಚ್ಚಿನ ಕ್ಯಾಶ್‌ಗಳಂತೆ ಅದೂ ಜಾಗ ಕಡಿಮೆಯಾದಾಗ, ಇಲ್ಲವೇ ಬಹಳ ದಿನ ಯಾರೂ ಮುಟ್ಟದಿದ್ದಾಗ ಎಸೆಯುತ್ತದೆ. ನಮ್ಮ ಪದರ ಸುಮ್ಮನೆ ಬಿದ್ದಿರಲಿಲ್ಲ, ದಿನವೂ ಹತ್ತಾರು ಬಿಲ್ಡ್‌ಗಳಿಗೆ ಅದೇ ಬುನಾದಿ. ಯಾವತ್ತು ಮಾಡಿದ್ದು ಅನ್ನುವುದು ಆ ಲೆಕ್ಕದಲ್ಲಿ ಬರುವುದಿಲ್ಲ, ಯಾವತ್ತು ಬಳಸಿದ್ದು ಅನ್ನುವುದಷ್ಟೇ ಬರುತ್ತದೆ. ಹೆಚ್ಚು ಬಳಕೆಯಲ್ಲಿರುವುದೇ ಹೆಚ್ಚು ದಿನ ಹಳಸಿಕೊಂಡು ಕೂರುತ್ತದೆ. ಇದು ಮೊದಲ ಸಲ ಹೊಳೆದಾಗ ನನಗೆ ಸ್ವಲ್ಪ ಗಾಬರಿಯೇ ಆಯಿತು.

ರಿಪೇರಿ ಒಂದು ಸಾಲಿನದು. ಎರಡು ಆಜ್ಞೆಗಳನ್ನು ಬೇರೆ ಬೇರೆ ಹೆಜ್ಜೆಯಾಗಿ ಬಿಡದೆ ಒಂದೇ ಹೆಜ್ಜೆಯಾಗಿ ಕಟ್ಟಿಹಾಕುವುದು. ಡಾಕರ್‌ನ ಕೈಪಿಡಿಯೂ ಹೇಳುವುದು ಇದನ್ನೇ:

```
RUN apt-get update && apt-get install -y \
    curl git unzip \
    && rm -rf /var/lib/apt/lists/*
```

ಈಗ ಯಾರಾದರೂ ಹೊಸ ಹೆಸರು ಸೇರಿಸಿದರೆ ಇಡೀ ಹೆಜ್ಜೆಯ ಅಕ್ಷರಗಳು ಬದಲಾಗುತ್ತವೆ, ಪಟ್ಟಿಯೂ ಹೊಸದಾಗಿ ಬರುತ್ತದೆ. ಕೊನೆಯ ಭಾಗ ಬಳಸಿ ಮುಗಿದ ಪಟ್ಟಿಯನ್ನು ಅಳಿಸುತ್ತದೆ. ಪೊಟ್ಟಣ ಹಗುರಾಗುತ್ತದೆ, ಹಳೆಯ ಪಟ್ಟಿ ಮುಂದಿನ ಹೆಜ್ಜೆಗಳ ಕೈಗೆ ಸಿಗುವುದೂ ತಪ್ಪುತ್ತದೆ. ಹುಡುಗ ಹತ್ತು ನಿಮಿಷದಲ್ಲಿ ಬದಲಾಯಿಸಿದ. ನಾಲ್ಕೂ ಯಂತ್ರ ಹಸಿರಾದವು. ಹಿರಿಯರು ತಮ್ಮ ಸ್ಕ್ರಿಪ್ಟ್‌ಗೆ ಡಿಸ್ಕ್‌ನ ಲೆಕ್ಕದ ಜೊತೆ ದಿನದ ಲೆಕ್ಕವನ್ನೂ ಸೇರಿಸಿದರು. ಎಲ್ಲರೂ ತಮ್ಮ ತಮ್ಮ ಕೆಲಸಕ್ಕೆ ಹೋದರು.

ನನಗೆ ಮಾತ್ರ ಡಿಸೆಂಬರ್ ಕಾಡುತ್ತಿತ್ತು. ಜನವರಿಯ ಕೆಂಪು ನಮಗೆ ತೊಂದರೆ ಕೊಟ್ಟಿತು ನಿಜ, ಗುಟ್ಟನ್ನೂ ಹೊರಹಾಕಿತು. ಡಿಸೆಂಬರ್‌ನ ಹಸಿರು ಏನನ್ನೂ ಹೇಳಿರಲಿಲ್ಲ. ಆ ತಿಂಗಳು ಮೂರನೇ ಯಂತ್ರ ಕಟ್ಟಿದ ಪೊಟ್ಟಣಗಳ ಒಳಗೆ ಏನಿತ್ತು? ಒಂದೇ ಕೋಡ್‌ನಿಂದ, ಒಂದೇ ಆವೃತ್ತಿಸಂಖ್ಯೆ ಹೊತ್ತು, ಬೇರೆ ಬೇರೆ ಯಂತ್ರಗಳಲ್ಲಿ ತಯಾರಾದ ಎರಡು ಪೊಟ್ಟಣಗಳನ್ನು ತೆಗೆದುಕೊಂಡು ಎರಡರಲ್ಲೂ ಇದನ್ನು ಓಡಿಸಿದೆ:

```
dpkg -s curl | grep ^Version
```

ಒಂದರಲ್ಲಿ 1.15, ಇನ್ನೊಂದರಲ್ಲಿ 1.14. ಹೊರಗಿನ ಚೀಟಿ ಒಂದೇ, ಒಳಗಿನ ಸರಕು ಬೇರೆ. ಡಿಸೆಂಬರ್‌ನಲ್ಲಿ ರಿಪೇರಿಯಾದ ದೋಷಗಳು ಮೂರನೇ ಯಂತ್ರದ ಪೊಟ್ಟಣಗಳಲ್ಲಿ ರಿಪೇರಿಯಾಗದೆ ಉಳಿದಿದ್ದವು. ನಮ್ಮ ತಂತ್ರಾಂಶ `curl` ಬಳಸುವ ರೀತಿಯಲ್ಲಿ ಅವುಗಳಿಂದ ಅಪಾಯವಿರಲಿಲ್ಲ, ಅದನ್ನು ಕೂತು ಪರಿಶೀಲಿಸಿದೆವು. ಅಕ್ಟೋಬರ್ 11ರ ದೊಡ್ಡ ದೋಷ 1.14ರಲ್ಲೇ ಸರಿಹೋಗಿತ್ತು. ಆ ಡಿಸ್ಕ್ ಮೂರು ವಾರ ಮೊದಲೇ, ಅಕ್ಟೋಬರ್ ಶುರುವಿನಲ್ಲಿ ಬಂದಿದ್ದರೆ? ಆಗ ಕ್ಯಾಶ್‌ನಲ್ಲಿ ಹೆಪ್ಪುಗಟ್ಟುತ್ತಿದ್ದದ್ದು ಆ ದೊಡ್ಡ ದೋಷವಿದ್ದ `curl`. ಯಂತ್ರ ಆಗಲೂ ದಿನವೂ ಹಸಿರು ತೋರಿಸುತ್ತಲೇ ಇರುತ್ತಿತ್ತು.

ಇದಕ್ಕೆ ನಮ್ಮ ಒಂದು ಸಾಲಿನ ರಿಪೇರಿ ಔಷಧವಲ್ಲ ಅನ್ನುವುದನ್ನು ಹುಡುಗನಿಗೆ ಒಪ್ಪಿಸಲು ಸ್ವಲ್ಪ ಹೊತ್ತು ಹಿಡಿಯಿತು. ಎರಡು ಆಜ್ಞೆಗಳನ್ನು ಒಟ್ಟಿಗೆ ಕಟ್ಟಿದರೆ ಹಳೆಯ ಪಟ್ಟಿಯ ಮೇಲೆ ಹೊಸ `install` ಓಡುವುದು ತಪ್ಪುತ್ತದೆ, 404 ತಪ್ಪುತ್ತದೆ. ಆದರೆ ಆ ಒಟ್ಟು ಹೆಜ್ಜೆಯೂ ಒಂದು ಪದರವೇ, ಅದೂ ಕ್ಯಾಶ್ ಆಗುತ್ತದೆ. ಆರು ತಿಂಗಳು ಯಾರೂ ಆ ಸಾಲನ್ನು ಮುಟ್ಟದಿದ್ದರೆ, ಗುಡಿಸುವವರೂ ಇಲ್ಲದಿದ್ದರೆ, ಆರು ತಿಂಗಳ ಹಳೆಯ `curl` ಹಾಗೇ ಹೊರಗೆ ಹೋಗುತ್ತಿರುತ್ತದೆ. ಮೊದಲಾದರೆ ಯಾವತ್ತೋ ಒಂದು ದಿನ 404 ಬಂದು ಎಚ್ಚರಿಸುತ್ತಿತ್ತು. ಈಗ ಆ ಗಂಟೆಯನ್ನೂ ನಾವೇ ಕಳಚಿದ್ದೇವೆ. "ಹಾಗಾದ್ರೆ ಮೊದಲಿದ್ದದ್ದೇ ವಾಸಿಯಾ ಮೇಡಂ?" ಅಂತ ಕೇಳಿದ. ಅಲ್ಲ. ಎಚ್ಚರಿಕೆ ಆಕಸ್ಮಿಕವಾಗಿ ಬರಲಿ ಅಂತ ಕಾಯುವುದು ವ್ಯವಸ್ಥೆಯಾಗುವುದಿಲ್ಲ. ಅದಕ್ಕೆ ಬೇರೆಯೇ ಏರ್ಪಾಡು ಬೇಕು.

ಕೊನೆಗೆ ಮಾಡಿದ ಏರ್ಪಾಡು ದೊಡ್ಡದೇನಲ್ಲ. ಗ್ರಾಹಕರಿಗೆ ಹೋಗುವ ಬಿಡುಗಡೆಯ ಬಿಲ್ಡ್ ಯಾವಾಗಲೂ `--no-cache` ಹಾಕಿಯೇ ಆಗುತ್ತದೆ. ಅದು ನಿಧಾನ, ಆದರೆ ಬಿಡುಗಡೆ ದಿನವೂ ಇರುವುದಿಲ್ಲವಲ್ಲ. ದಿನನಿತ್ಯದ ಬಿಲ್ಡ್‌ಗಳು ಮೊದಲಿನಂತೆ ಕ್ಯಾಶ್ ಬಳಸಿ ಬೇಗ ಮುಗಿಯುತ್ತವೆ, ಭಾನುವಾರ ರಾತ್ರಿ ಒಮ್ಮೆ ನಾಲ್ಕೂ ಯಂತ್ರಗಳಲ್ಲಿ ಎಲ್ಲವನ್ನೂ ಹೊಸದಾಗಿ ಕಟ್ಟಿಸುತ್ತಾರೆ. `base:7` ಅನ್ನುವ ಬುನಾದಿಯೂ ಹಳೆಯದಾಗುತ್ತದೆ ಅನ್ನುವುದು ನೆನಪಾಗಿ, ಅದನ್ನು ತಿಂಗಳಿಗೊಮ್ಮೆ ಹೊಸ ಸಂಖ್ಯೆ ಕೊಟ್ಟು ತಯಾರಿಸುವ ಜವಾಬ್ದಾರಿಯನ್ನು ಒಬ್ಬರಿಗೆ ವಹಿಸಿದರು. ನಾನು ಕೇಳಿ ಸೇರಿಸಿಕೊಂಡದ್ದು ಒಂದು: ಪ್ರತಿ ಬಿಲ್ಡ್ ಮುಗಿದ ಮೇಲೆ ಪೊಟ್ಟಣದೊಳಗಿನ ಎಲ್ಲ ತಂತ್ರಾಂಶಗಳ ಹೆಸರು, ಆವೃತ್ತಿ, ಅದನ್ನು ಕಟ್ಟಿದ ಯಂತ್ರದ ನಂಬರು ಒಂದು ಕಡತದಲ್ಲಿ ಬೀಳಬೇಕು. ಟೆಸ್ಟ್ ಶುರು ಮಾಡುವ ಮೊದಲು ಆ ಕಡತವನ್ನು ಹಿಂದಿನ ಬಿಲ್ಡ್‌ನ ಕಡತದ ಜೊತೆ ಹೋಲಿಸುತ್ತೇನೆ. ಯಾರೂ ಏನೂ ಬದಲಾಯಿಸಿಲ್ಲ ಅನ್ನುವ ವಾರಗಳಲ್ಲೂ ಸೋಮವಾರ ಬೆಳಿಗ್ಗೆ ಅದರಲ್ಲಿ ಮೂರೋ ನಾಲ್ಕೋ ಸಾಲು ಬದಲಾಗಿರುತ್ತವೆ.

ಡಿಸೆಂಬರ್‌ನ ಪೊಟ್ಟಣಗಳ ಪೈಕಿ ಗ್ರಾಹಕರಿಗೆ ಹೋದವು ಯಾವ ಯಂತ್ರದವು ಅಂತ ಹಳೆಯ ಲಾಗ್‌ಗಳಿಂದಲೇ ಹೆಕ್ಕಿ ತೆಗೆದೆವು. ಮೂರನೇ ಯಂತ್ರದವುಗಳನ್ನು ಹೊಸದಾಗಿ ಕಟ್ಟಿ, ಆವೃತ್ತಿಸಂಖ್ಯೆಯ ಕೊನೆಗೆ ಒಂದು ಅಂಕಿ ಕೂಡಿಸಿ ಕಳಿಸಿದೆವು. ಜೊತೆಗೆ ಹೋದ ಟಿಪ್ಪಣಿಯಲ್ಲಿ ಇದ್ದದ್ದು ಒಂದೇ ಸಾಲು: `curl` 1.14ರಿಂದ 1.15ಕ್ಕೆ.